ನಾನೂರು ಅಕ್ಷರದೊಳಗೆ ಒಂದು ಉತ್ತರ

ಪುಣೆಯ ಹಿಂಜವಾಡಿಯ ಒಂದು ಕಂಪನಿಯಲ್ಲಿ ನಾನು ಹದಿನಾರು ವರ್ಷ ಕೈಪಿಡಿಗಳನ್ನು ಬರೆಯುವ ಕೆಲಸ ಮಾಡಿದೆ. ಕಾರ್ಖಾನೆಗಳ ದೊಡ್ಡ ಪಂಪುಗಳನ್ನು ನಡೆಸುವ ತಂತ್ರಾಂಶ ನಮ್ಮದು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಯಾವ ಕೆಂಪು ದೀಪ ಹತ್ತಿದರೆ ಏನು ಮಾಡಬೇಕು, ಯಾವುದನ್ನು ಯಾವತ್ತೂ ಮಾಡಬಾರದು ಎಂಬುದನ್ನೆಲ್ಲ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಪಂಪಿನ ಸಣ್ಣ ಪರದೆಯ ಮೇಲೆ ಮೂಡುವ ಎಚ್ಚರಿಕೆಯ ಸಾಲುಗಳನ್ನೂ ನಾನೇ ಬರೆಯುತ್ತಿದ್ದೆ. ಆ ಸಾಲುಗಳು ಎಂಬತ್ತು ಅಕ್ಷರ ದಾಟುವಂತಿರಲಿಲ್ಲ. ಎಂಬತ್ತರಲ್ಲಿ ಹೇಳಲಾಗದ್ದು ಏನೂ ಇಲ್ಲವೆಂದು ಹೊಸದಾಗಿ ಸೇರಿದವರಿಗೆ ಹೇಳಿಕೊಡುತ್ತಿದ್ದೆ. ಹಾಗೆ ನಂಬಿಯೂ ಇದ್ದೆ.

ಒಂದು ಸೋಮವಾರ ನಮ್ಮ ಏಳು ಜನರ ತಂಡವನ್ನು ಮುಚ್ಚಿದರು. ಅದರ ಬಗ್ಗೆ ಹೇಳಬೇಕಾದ್ದು ಹೆಚ್ಚೇನಿಲ್ಲ. ಲ್ಯಾಪ್‌ಟಾಪ್ ಹಿಂದಿರುಗಿಸಿ, ಕಂಪನಿಯ ಬಸ್ಸಿನಲ್ಲಿ ಕೊನೆಯ ಸಲ ಕೂತು ಧನಕವಡಿಯ ಮನೆಗೆ ಬಂದೆ. ಆಗ ನನಗೆ ನಲವತ್ತೆಂಟು ವರ್ಷ. ಅಲ್ಲಿಂದ ಹತ್ತು ತಿಂಗಳು ಅರ್ಜಿಗಳನ್ನು ತುಂಬಿದೆ. ಎಲ್ಲ ಕಡೆಯೂ ಪೋರ್ಟಲ್ಲುಗಳು. ಎಲ್ಲ ಪೋರ್ಟಲ್ಲುಗಳಲ್ಲೂ ಒಂದು ಖಾಲಿ ಪೆಟ್ಟಿಗೆ. ಅದರ ಮೇಲೆ ಒಂದೇ ಪ್ರಶ್ನೆ: ಈ ಹುದ್ದೆ ನಿಮಗೆ ಏಕೆ ಬೇಕು? ಮೊದಮೊದಲು ಪ್ರತಿ ಸಲವೂ ಹೊಸದಾಗಿ ಬರೆದೆ. ಆಮೇಲೆ ಒಂದು ಕಡತದಲ್ಲಿ ನಾಲ್ಕು ಉತ್ತರಗಳನ್ನು ಇಟ್ಟುಕೊಂಡು, ಪೆಟ್ಟಿಗೆಯ ಅಳತೆಗೆ ತಕ್ಕ ಹಾಗೆ ಕತ್ತರಿಸಿ ಅಂಟಿಸತೊಡಗಿದೆ. ಎಲ್ಲಿಂದಲೂ ಕರೆ ಬರಲಿಲ್ಲ.

ಹನ್ನೊಂದನೆಯ ತಿಂಗಳಿನಲ್ಲಿ ಆಸ್ಪತ್ರೆಯ ಜಾಹೀರಾತು ನೋಡಿದೆ. ನಗರದ ಒಂದು ಧರ್ಮಾರ್ಥ ಆಸ್ಪತ್ರೆ ಅದು. ವಿಜಯಪುರ, ಕಲಬುರಗಿ ಕಡೆಯಿಂದ ಸೊಲ್ಲಾಪುರದ ಮೇಲೆ ಬರುವ ರೈಲು ಹಿಡಿದು ಅಲ್ಲಿಗೆ ಬರುವ ರೋಗಿಗಳು ಬಹಳ. ಅಂಥವರ ಜೊತೆಗಿದ್ದು, ವೈದ್ಯರ ಮಾತನ್ನು ಅವರಿಗೂ ಅವರ ಮಾತನ್ನು ವೈದ್ಯರಿಗೂ ದಾಟಿಸುವವರು ಬೇಕಾಗಿದ್ದರು. ಹುದ್ದೆಗೆ ರೋಗಿ ಸಹಾಯಕರು ಎಂದು ಹೆಸರಿಟ್ಟಿದ್ದರು. ಕನ್ನಡ ಮತ್ತು ಮರಾಠಿ ಕಡ್ಡಾಯ. ಶುಕ್ರವಾರ ಸಂಜೆ ಐದು ಗಂಟೆಗೆ ಪೋರ್ಟಲ್ ಮುಚ್ಚುತ್ತದೆ ಎಂದಿತ್ತು. ಏಕೆ ಬೇಕು ಎಂಬ ಪೆಟ್ಟಿಗೆಗೆ ನಾನೂರು ಅಕ್ಷರಗಳ ಮಿತಿ; ಖಾಲಿ ಜಾಗ, ಚುಕ್ಕೆ, ಅಲ್ಪವಿರಾಮ ಎಲ್ಲವೂ ಲೆಕ್ಕಕ್ಕೆ. ಇಂಗ್ಲಿಷ್, ಮರಾಠಿ, ಕನ್ನಡ ಯಾವುದರಲ್ಲಿ ಬೇಕಾದರೂ ಉತ್ತರಿಸಬಹುದು ಎಂದು ಕೆಳಗೆ ಸಣ್ಣದಾಗಿ ಬರೆದಿದ್ದರು.

ಆ ಆಸ್ಪತ್ರೆಯನ್ನು ನಾನು ಬಲ್ಲೆ. ಏಕೆ ಬಲ್ಲೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಗಂಡನಿಗೆ ಅಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ದೊಡ್ಡದೇನಲ್ಲ. ಮೂರು ದಿನ ಇದ್ದೆವು. ಎರಡನೆಯ ದಿನ ಬೆಳಿಗ್ಗೆ ನಾನು ಔಷಧದ ಅಂಗಡಿಯಿಂದ ಬರುವಾಗ ಒಬ್ಬ ಎಳೆಯ ವೈದ್ಯ ಕಾರಿಡಾರಿನಲ್ಲಿ ನಿಂತು, ನಮ್ಮ ಭಾಷೆ ಕೇಳಿಸಿಕೊಂಡಿದ್ದವನಂತೆ, ನಿಮಗೆ ಕನ್ನಡ ಬರುತ್ತದಲ್ಲವೇ ಎಂದು ಮರಾಠಿಯಲ್ಲಿ ಕೇಳಿದ. ಕನ್ನಡ ಬಲ್ಲ ವಾರ್ಡಿನ ಆಳು ಅವತ್ತು ರಜೆಯಲ್ಲಿದ್ದನಂತೆ. ಐದು ನಿಮಿಷದ ಕೆಲಸ ಎಂದ.

ಅವನ ಕೋಣೆಯೊಳಗೆ ವಿಜಯಪುರದ ಇಂಡಿ ಕಡೆಯ ಗಂಡ ಹೆಂಡತಿ ಇದ್ದರು. ಗಂಡನಿಗೆ ಐವತ್ತೈದರ ಆಸುಪಾಸು. ಗಾಲಿ ಕುರ್ಚಿಯಲ್ಲಿ ಕೂತು, ಬಾಯಿಗೆ ಟವೆಲ್ ಹಿಡಿದುಕೊಂಡಿದ್ದರು. ಬಾಯಿಯ ಕ್ಯಾನ್ಸರು, ಮಾತು ನಿಂತುಹೋಗಿತ್ತು. ಹೆಂಡತಿ ಕುರ್ಚಿಯ ಹಿಡಿಕೆ ಬಿಡದೆ ಹಿಂದೆ ನಿಂತಿದ್ದರು. ವೈದ್ಯ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು: ರೋಗ ಶ್ವಾಸಕೋಶಕ್ಕೆ ಹೋಗಿದೆ. ಇನ್ನು ವಾಸಿಯಾಗುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಉಪಯೋಗವಿಲ್ಲ. ನೋವಿಗೆ ಮಾತ್ರೆ ಬರೆದುಕೊಡುತ್ತೇವೆ. ಊರಿಗೆ ಕರೆದುಕೊಂಡು ಹೋಗಬಹುದು, ಜೊತೆಗೆ ಇದ್ದಷ್ಟು ಒಳ್ಳೆಯದು.

ಹೆಂಡತಿ ನನ್ನನ್ನೇ ನೋಡುತ್ತಿದ್ದರು.

"ಡಾಕ್ಟರು ಏನಂತಾರ್ರಿ, ಅಕ್ಕಾರ?" ಎಂದರು.

"ಈಗ ಆಪರೇಷನ್ ಬ್ಯಾಡ ಅಂತಾರ," ಎಂದೆ. "ನೋವಿಗೆ ಗುಳಿಗಿ ಬರದು ಕೊಡ್ತಾರ. ಊರಿಗೆ ಕರ್ಕೊಂಡು ಹೋಗಬಹುದಂತ."

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮೊದಲಿನ ಎರಡು ಮಾತೂ ಕೊನೆಯದೂ ಮಾತ್ರ ನನ್ನಲ್ಲಿಯೇ ಉಳಿದವು. ವೈದ್ಯ ತಲೆಯಾಡಿಸಿ, ಅವರಿಗೆ ಏನಾದರೂ ಕೇಳುವುದಿದೆಯೇ ಎಂದ. ಅವರಿಗೆ ಕೇಳುವುದೇನೂ ಇರಲಿಲ್ಲ. ಆಪರೇಷನ್ ಬೇಡವಾಯಿತಲ್ಲ ಎಂದು ಹೆಂಡತಿಯ ಮುಖ ತಿಳಿಯಾಗಿತ್ತು. ಹೊರಗೆ ಬಂದ ಮೇಲೆ ನನ್ನ ಫೋನ್ ನಂಬರು ಕೇಳಿ, ಕೈಚೀಲದಿಂದ ಒಂದು ಪೊಟ್ಟಣ ಶೇಂಗಾ ಚಟ್ನಿ ತೆಗೆದುಕೊಟ್ಟರು. ಗಂಡ ಮಾತ್ರ ಟವೆಲಿನ ಮೇಲಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಅವರ ಕಡೆ ಹೆಚ್ಚು ನೋಡಲಿಲ್ಲ. ಮನೆಗೆ ಬಂದು ನನ್ನ ಗಂಡನಿಗೆ ಈ ವಿಷಯ ಹೇಳುವಾಗ, ಪಾಪ, ಆ ಹೆಣ್ಣುಮಗಳಿಗೆ ಆ ಮಾತು ಹೇಳಲು ಮನಸ್ಸು ಬರಲಿಲ್ಲ ಎಂದೆ. ಅವರೂ ಹೌದೆಂದರು.

ಮೂರು ತಿಂಗಳಾದ ಮೇಲೆ ಆ ಹೆಂಗಸು ಫೋನ್ ಮಾಡಿದರು. ನಾನು ಆಫೀಸಿನಲ್ಲಿದ್ದೆ. ಗಂಡ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಸಾವಿನ ಸುದ್ದಿ ತಿಳಿಸಲು ಮಾಡಿರಬೇಕೆಂದುಕೊಂಡೆ. ಅವರು ಅಳಲಿಲ್ಲ.

"ಒಂದು ಮಾತು ಕೇಳ್ತೇನ್ರಿ ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಇದು ವಾಸಿ ಆಗೂದಿಲ್ಲ ಅಂತ ಅವತ್ತ ಆ ಡಾಕ್ಟರು ನಿಮಗ ಹೇಳಿದ್ರೇನ್ರಿ?"

"ಹೇಳಿದ್ರು," ಎಂದೆ.

"ಹಂಗಾರ ನಮಗ ಹೇಳಬೇಕಿತ್ರಿ. ಮಗಳ ಲಗ್ನ ಮುಂದಕ್ಕ ಹಾಕಿದ್ವಿ, ಅವರಿಗೆ ಆರಾಮಾದ ಮ್ಯಾಲೆ ಮಾಡೂಣಂತ. ಗೊತ್ತಿದ್ರ ಹಾಕ್ತಿರಲಿಲ್ಲ."

ತಪ್ಪಾಯಿತು ಎಂದೆ. ಅವರು ಇರಲಿ ಬಿಡ್ರಿ ಎಂದು ಫೋನ್ ಇಟ್ಟರು. ಬೈಯಲಿಲ್ಲ. ಮತ್ತೆ ಯಾವತ್ತೂ ಫೋನ್ ಮಾಡಲೂ ಇಲ್ಲ. ಅವತ್ತು ಮಧ್ಯಾಹ್ನ ಒಂದು ಪಂಪಿನ ಕೈಪಿಡಿಯ ಪರಿಶೀಲನೆಯಿತ್ತು. ಎಚ್ಚರಿಕೆಯ ಸಾಲೊಂದು ಉದ್ದವಾಯಿತು, ತೆಗೆಯೋಣವೇ ಎಂದು ಯಾರೋ ಕೇಳಿದರು. ತೆಗೆಯುವ ಹಾಗಿಲ್ಲ ಎಂದು ಎಂದಿನ ಹಾಗೆ ಹೇಳಿದೆ.

ಅದೇ ಆಸ್ಪತ್ರೆಯ ಪೋರ್ಟಲ್ ಈಗ ನನ್ನ ಮುಂದೆ ತೆರೆದಿತ್ತು. ಹುದ್ದೆ ಏಕೆ ಬೇಕು ಎಂದು ಕೇಳುತ್ತಿತ್ತು.

ಭಾನುವಾರ ನನ್ನ ನಾದಿನಿ ಬಂದಳು. ಹಿಂಜವಾಡಿಯ ಇನ್ನೊಂದು ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವವಳು. ಇಂಥ ಪೆಟ್ಟಿಗೆಗಳಲ್ಲಿ ಜನ ಬರೆದದ್ದನ್ನು ಓದುವುದೇ ಅವಳ ಉದ್ಯೋಗ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಊಟವಾದ ಮೇಲೆ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ನನ್ನ ಹಳೆಯ ನಾಲ್ಕು ಉತ್ತರಗಳನ್ನೂ ಓದಿದಳು. ನಾಲ್ಕೂ ಒಂದೇ ಎಂದಳು. ನೂರು ಅರ್ಜಿ ಬಂದರೆ ಎಂಬತ್ತರಲ್ಲಿ ಇದೇ ಮಾತು ಇರುತ್ತದೆ. ಈಗೀಗ ಯಂತ್ರದಿಂದ ಬರೆಸಿ ಅಂಟಿಸುವವರು ಹೆಚ್ಚಾಗಿ, ಚುಕ್ಕೆಗಳು ಸಹ ಒಂದೇ ಜಾಗದಲ್ಲಿರುತ್ತವೆ ಎಂದಳು.

"ವೈನಿ, ಇದನ್ನ ಯಾರೂ ಪೂರ್ತಿ ಓದೂದಿಲ್ಲ," ಎಂದಳು. "ನಮ್ಮ ಕಡೆ ಎಲ್ಲಾ ಉತ್ತರ ಒಂದು ಪಟ್ಟಿಯೊಳಗ ಬರ್ತಾವ. ಒಂದೊಂದರದು ಮೊದಲಿನ ಒಂದು ಸಾಲು ಅಷ್ಟ ಕಾಣಸ್ತದ. ಅದು ಹಿಡಿಸಿದ್ರ ಉಳಿದದ್ದು ತಗದು ಓದ್ತೇವಿ. ಮೊದಲಿನ ಸಾಲಿನ್ಯಾಗ ಕೆಲಸದ್ದು ಬರಬೇಕು, ನಿಮ್ಮ ದುಃಖ ಅಲ್ಲ."

ಅವಳು ಹೇಳಿದ್ದು ಕೆಲಸ ಬಲ್ಲವರ ಮಾತು. ಅವರಿಗೆ ಏನು ಬೇಕು, ನೀವು ಏನು ಮಾಡಿದ್ದೀರಿ, ಇವೆರಡಕ್ಕೆ ಏನು ನಂಟು, ಇಷ್ಟೇ ಸಾಕು. ನಿಮ್ಮ ಕೊರತೆಯನ್ನು ನೀವಾಗಿ ಬರೆಯಬೇಡಿ, ಅದನ್ನು ಹುಡುಕಲು ಅವರಿಗೆ ಸಂಬಳ ಕೊಡುತ್ತಾರೆ ಎಂದಳು. ಇಂಗ್ಲಿಷಿನಲ್ಲಿ ಒಂದು ಉತ್ತರವನ್ನು ಇಪ್ಪತ್ತು ನಿಮಿಷದಲ್ಲಿ ಬರೆದುಕೊಟ್ಟಳು. ಚೊಕ್ಕವಾಗಿತ್ತು. ನಾಲ್ಕು ಭಾಷೆ, ಹದಿನಾರು ವರ್ಷ, ಕಠಿಣ ವಿಷಯವನ್ನು ಸರಳವಾಗಿ ಹೇಳುವ ಅನುಭವ, ಗಡಿನಾಡಿನ ರೋಗಿಗಳ ಬಗ್ಗೆ ಕಳಕಳಿ, ಎಲ್ಲ ಬಂದಿತ್ತು. ನಾನೂರು ಅಕ್ಷರದೊಳಗೇ ಇತ್ತು. ಪೋರ್ಟಲ್‌ಗೆ ಹಾಕುವ ಮೊದಲು ಒಮ್ಮೆ ಓದಿಕೊಳ್ಳಿ ಎಂದು ಹೇಳಿ ಹೋದಳು.

ನಾನು ಅವಳಿಗೆ ಇಂಡಿಯ ಆ ಹೆಂಗಸಿನ ವಿಷಯ ಹೇಳಲಿಲ್ಲ. ಅದನ್ನು ನನ್ನ ಗಂಡನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಫೋನ್ ಬಂದದ್ದನ್ನು ಗಂಡನಿಗೂ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೂತೆ. ಹೆಸರು, ವಿಳಾಸ, ಓದು, ಅನುಭವ ಎಲ್ಲ ಪುಟಗಳೂ ಮುಗಿದವು. ಕೊನೆಯ ಪುಟದಲ್ಲಿ ಪೆಟ್ಟಿಗೆ. ನಾದಿನಿಯ ಉತ್ತರವನ್ನು ಅಂಟಿಸಿದೆ. ಕೆಳಗಿನ ಎಣಿಕೆ ಸರಿಯಾಗಿತ್ತು. ಸಲ್ಲಿಸಿ ಎಂಬ ಗುಂಡಿ ನೀಲಿಯಾಗಿತ್ತು. ಓದಿದೆ. ಮತ್ತೊಮ್ಮೆ ಓದಿದೆ. ಕಠಿಣ ವಿಷಯವನ್ನು ಸೂಕ್ಷ್ಮವಾಗಿ ತಿಳಿಸುವ ಕೌಶಲ ನನಗಿದೆ ಎಂಬ ವಾಕ್ಯ ಮೂರನೆಯದು. ಆ ವಾಕ್ಯಕ್ಕೆ ಬಂದಾಗಲೆಲ್ಲ ನಿಂತೆ. ನಾದಿನಿ ಅದನ್ನು ಏನೂ ತಿಳಿಯದೆ ಬರೆದಿದ್ದಳು. ನಾನು ಗೊತ್ತಿದ್ದೂ ಕಳಿಸಬೇಕಾಗಿತ್ತು.

ಚಹಾ ಮಾಡಿಕೊಳ್ಳಲು ಎದ್ದೆ. ಬಟ್ಟೆ ಒಣಗಿಹಾಕಿದೆ. ಬ್ಯಾಂಕಿನಿಂದ ಗಂಡ ಯಾವುದೋ ಕಾಗದ ಹುಡುಕಲು ಹೇಳಿ ಫೋನ್ ಮಾಡಿದರು, ಹುಡುಕಿದೆ. ವಾಪಸ್ಸು ಬಂದು ಗುಂಡಿ ಒತ್ತಿದಾಗ, ಬಹಳ ಹೊತ್ತು ಕೆಲಸ ಮಾಡದೆ ಇದ್ದುದರಿಂದ ಹೊರಗೆ ಹಾಕಲಾಗಿದೆ, ಮತ್ತೆ ಒಳಗೆ ಬನ್ನಿ ಎಂಬ ಸೂಚನೆ ಬಂತು. ಮತ್ತೆ ಒಳಗೆ ಹೋದರೆ ಹಿಂದಿನ ಪುಟಗಳೆಲ್ಲ ಹಾಗೇ ಇದ್ದವು. ಕೊನೆಯ ಪುಟ ಉಳಿಸಿರಲಿಲ್ಲ, ಪೆಟ್ಟಿಗೆ ಖಾಲಿಯಾಗಿತ್ತು. ನಾದಿನಿಯ ಉತ್ತರ ಕಡತದಲ್ಲಿತ್ತು, ಮತ್ತೆ ಅಂಟಿಸಲು ಅರ್ಧ ನಿಮಿಷವೂ ಬೇಕಿರಲಿಲ್ಲ. ನಾನು ಅಂಟಿಸಲಿಲ್ಲ. ಬೇರೆ ಖಾಲಿ ಕಡತ ತೆರೆದು ಕನ್ನಡದಲ್ಲಿ ಬರೆಯಲು ಕೂತೆ.

ಕನ್ನಡ ಏಕೆ ಎಂದರೆ ಆ ಕೆಲಸವೇ ಕನ್ನಡದ್ದು. ಜೊತೆಗೆ ಇನ್ನೊಂದು ಕಾರಣವಿತ್ತು. ಆ ಮಾತನ್ನು ನಾನು ಮುಚ್ಚಿಟ್ಟದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಯಾರದೋ ಪ್ರಕರಣದ ವರದಿಯ ಹಾಗೆ ಕಾಣುತ್ತಿತ್ತು.

ಮೊದಲು ಬರೆದದ್ದು ಪೆಟ್ಟಿಗೆಯ ಮೂರು ಪಟ್ಟು ಉದ್ದವಾಯಿತು. ಅದನ್ನು ಹಾಗೇ ಅಂಟಿಸಿ ನೋಡಿದೆ. ಪೆಟ್ಟಿಗೆ ಏನೂ ಹೇಳಲಿಲ್ಲ, ನಾನೂರು ತೆಗೆದುಕೊಂಡು ಉಳಿದದ್ದನ್ನು ಸದ್ದಿಲ್ಲದೆ ಬಿಟ್ಟಿತು. ಕೊನೆಯ ವಾಕ್ಯ, ವೈದ್ಯರು ನನ್ನ ಕಡೆ ತಿರುಗಿ, ಎಂಬಲ್ಲಿಗೆ ನಿಂತಿತ್ತು. ಕಣ್ಣಿಟ್ಟು ನೋಡದವರು ಅದನ್ನು ಹಾಗೆಯೇ ಸಲ್ಲಿಸಿಬಿಡುತ್ತಾರೆ. ಎಷ್ಟೋ ಜನ ಸಲ್ಲಿಸಿರಲೂಬೇಕು.

ಕನ್ನಡದಲ್ಲಿ ಎಣಿಕೆ ಬೇಗ ಏರುತ್ತದೆ. ನಾವು ಒಂದು ಅಕ್ಷರ ಎಂದುಕೊಳ್ಳುವುದನ್ನು ಯಂತ್ರ ಬಿಡಿಸಿ ಎಣಿಸುತ್ತದೆ: ವ್ಯಂಜನಕ್ಕೆ ಒಂದು, ಒತ್ತಕ್ಷರ ಮಾಡುವ ಅರ್ಧಚಿಹ್ನೆಗೆ ಒಂದು, ಒತ್ತಿಗೆ ಒಂದು, ಗುಣಿತಕ್ಕೆ ಇನ್ನೊಂದು. ಸ್ಪಷ್ಟ ಎಂದು ಬರೆದರೆ ಕಣ್ಣಿಗೆ ಎರಡೇ ಅಕ್ಷರ. ಯಂತ್ರದ ಲೆಕ್ಕಕ್ಕೆ ಆರು. ಹೀಗಾಗಿ ದೊಡ್ಡ ಪದಗಳು ತಾವಾಗಿಯೇ ಹೊರಬಿದ್ದವು. ಮೊದಲು ಅನುಕಂಪ ಹೋಗಿ ಮರುಕ ಬಂತು. ಆಸ್ಪತ್ರೆಯ ಸೇವೆಯನ್ನು ಹೊಗಳಿದ ಸಾಲು ಹೋಯಿತು. ಶೇಂಗಾ ಚಟ್ನಿ ಹೋಯಿತು. ಟವೆಲು ಹೋಯಿತು. ಫೋನ್ ಬಂದದ್ದು, ನಾನು ತಪ್ಪಾಯಿತು ಎಂದದ್ದು ಹೋಯಿತು. ನನ್ನ ಗಂಡ ಹೌದೆಂದದ್ದೂ ಹೋಯಿತು. ಊರಿನ ಹೆಸರನ್ನು ಮಾತ್ರ ಜಾಗಕ್ಕಾಗಿ ತೆಗೆಯಲಿಲ್ಲ. ಅವರ ಗುರುತು ಹತ್ತಬಾರದೆಂದು ತೆಗೆದೆ.

ಮುಚ್ಚಿಟ್ಟೆ ಎಂಬ ಪದದ ಬಳಿ ತುಸು ಹೊತ್ತು ಕಳೆದೆ. ಹೇಳಲಿಲ್ಲ ಎಂದು ಬರೆದರೆ ಎರಡು ಅಕ್ಷರ ಉಳಿಯುತ್ತಿತ್ತು. ಆ ಹೊತ್ತಿಗೆ ಒಂದೊಂದನ್ನೂ ಹೆಕ್ಕಿ ತೆಗೆಯುತ್ತಿದ್ದೆ. ಆದರೂ ಮುಚ್ಚಿಟ್ಟೆ ಎಂಬುದನ್ನು ಹಾಗೇ ಇಟ್ಟೆ. ಕೊನೆಗೆ ಉಳಿದದ್ದು ಇದು:

"ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ವೈದ್ಯರ ಮಾತನ್ನು ಕನ್ನಡದ ಒಂದು ಕುಟುಂಬಕ್ಕೆ ತಿಳಿಸಿದೆ. ರೋಗ ವಾಸಿಯಾಗದು ಎಂದು ಅವರು ಹೇಳಿದ್ದನ್ನು ಮುಚ್ಚಿಟ್ಟೆ. ಮರುಕದಿಂದ ಎಂದುಕೊಂಡಿದ್ದೆ, ಅಂಜಿಕೆಯಿಂದ. ಮನೆಯವರು ಮಗಳ ಮದುವೆಯನ್ನು ಮುಂದಕ್ಕೆ ಹಾಕಿದರು. ತಂದೆ ಅದನ್ನು ನೋಡಲಿಲ್ಲ. ಹದಿನಾರು ವರ್ಷ ಯಂತ್ರಗಳ ಕೈಪಿಡಿ ಬರೆದಿದ್ದೇನೆ. ಅಲ್ಲಿ ಒಂದು ಎಚ್ಚರಿಕೆಯನ್ನೂ ಬಿಟ್ಟವಳಲ್ಲ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತವೆ. ಪೂರ್ತಿ ಹೇಳುವುದನ್ನು ಕಲಿತು ಈ ಕೆಲಸ ಮಾಡಬೇಕೆಂದಿದ್ದೇನೆ."

ಇದನ್ನು ಮೊದಲು ಮೂರು ಪ್ಯಾರಾಗಳಾಗಿ, ನಡುನಡುವೆ ಒಂದೊಂದು ಖಾಲಿ ಸಾಲು ಬಿಟ್ಟು ಹಾಕಿದ್ದೆ. ಎಣಿಕೆ ಮುನ್ನೂರ ತೊಂಬತ್ತೊಂಬತ್ತು ಎಂದು ತೋರಿಸಿತು. ಸಲ್ಲಿಸಿದರೆ, ಉತ್ತರ ನಾನೂರು ಅಕ್ಷರ ಮೀರಿದೆ ಎಂದು ಕೆಂಪು ಸಾಲು ಬಂತು. ಆಗ ಗಂಟೆ ನಾಲ್ಕೂ ಹತ್ತು. ಇಂಥ ತೊಂದರೆಯನ್ನು ನಮ್ಮ ಕಂಪನಿಯಲ್ಲಿ ಕಂಡಿದ್ದೆ. ಹೊಸ ಸಾಲಿಗೆ ಹೋಗುವುದನ್ನು ಪರದೆ ಒಂದು ಎಂದು ಎಣಿಸಿದರೆ, ಆಚೆ ತುದಿಯ ಯಂತ್ರ ಎರಡು ಎಂದು ಎಣಿಸುತ್ತದೆ. ಪ್ಯಾರಾಗಳನ್ನು ತೆಗೆದು ಎಲ್ಲವನ್ನೂ ಒಂದೇ ಗುಂಪು ಮಾಡಿದೆ. ಎಣಿಕೆ ಮುನ್ನೂರ ತೊಂಬತ್ತೇಳಕ್ಕೆ ಇಳಿಯಿತು. ಈ ಸಲ ಹೋಯಿತು. ಅರ್ಜಿಯ ಸಂಖ್ಯೆ ಬಂತು. ಸಲ್ಲಿಸಿದ ಅರ್ಜಿಯನ್ನು ತಿದ್ದಲಾಗುವುದಿಲ್ಲ ಎಂಬ ಸೂಚನೆಯೂ ಬಂತು.

ನಾದಿನಿಗೆ ಅದನ್ನು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಮಾಡಿದಳು. "ಇದನ್ನ ಹಾಕಿಬಿಟ್ರೇನ್ರಿ ವೈನಿ? ಇದು ಅರ್ಜಿ ಅಲ್ಲ, ತಪ್ಪೊಪ್ಪಿಗಿ," ಎಂದಳು. ತಾನಾಗಿದ್ದರೆ ಸಂದರ್ಶನಕ್ಕೆ ಕರೆಯುತ್ತಿರಲಿಲ್ಲ ಎಂದೂ ಹೇಳಿದಳು; ಅವಳು ಮನಸ್ಸಿನಲ್ಲಿದ್ದದ್ದನ್ನು ಹೇಳುವವಳು. ಅವತ್ತು ಸಂಜೆ ಗಂಡನಿಗೂ ತೋರಿಸಿ, ಫೋನ್ ಬಂದಿದ್ದನ್ನೂ ಹೇಳಿದೆ. ಫೋನ್ ಬಂದಿದ್ದು ನನಗ್ಯಾಕ ಹೇಳಲಿಲ್ಲ ಎಂದು ಮಾತ್ರ ಕೇಳಿದರು.

ಎರಡು ವಾರದ ಮೇಲೆ ಸಂದರ್ಶನಕ್ಕೆ ಕರೆದರು.

ಮೂರನೆಯ ಮಹಡಿಯ ಒಂದು ಕೋಣೆ. ಮೇಜಿನ ಆಚೆ ಮೂವರಿದ್ದರು: ಆಸ್ಪತ್ರೆಯ ಆಡಳಿತಾಧಿಕಾರಿ, ನರ್ಸುಗಳ ಮುಖ್ಯಸ್ಥೆ, ಮತ್ತು ನಿವೃತ್ತಿಯಾದ ಮೇಲೂ ವಾರಕ್ಕೆ ಮೂರು ದಿನ ಬರುವ ಬೆಳಗಾವಿ ಕಡೆಯ ಒಬ್ಬ ಹಿರಿಯ ವೈದ್ಯರು. ಮೂವರ ಮುಂದೆಯೂ ನನ್ನ ಅರ್ಜಿಯ ಪ್ರತಿಗಳಿದ್ದವು. ಕನ್ನಡ ಓದಲು ಬರುವುದು ಹಿರಿಯ ವೈದ್ಯರೊಬ್ಬರಿಗೇ. ಆಡಳಿತಾಧಿಕಾರಿ ಮರಾಠಿಯಲ್ಲಿ, ಇದರಲ್ಲಿ ಏನು ಬರೆದಿದೆ ಎಂದು ಡಾಕ್ಟರು ನಮಗೆ ಹೇಳಿಲ್ಲ, ನಿಮ್ಮ ಬಾಯಿಂದಲೇ ಕೇಳಬೇಕೆಂದಿದ್ದಾರೆ, ನೀವೇ ಮರಾಠಿಗೆ ತಂದು ಹೇಳಿ ಎಂದರು.

ಹಾಳೆ ನನ್ನ ಕೈಗೆ ಬಂತು. ವಾಕ್ಯ ವಾಕ್ಯವಾಗಿ ಹೇಳುತ್ತಾ ಹೋದೆ. ಕಷ್ಟವೇನೂ ಆಗಲಿಲ್ಲ, ನಾನು ಹುಟ್ಟಿ ಬೆಳೆದದ್ದೇ ಪುಣೆಯಲ್ಲಿ, ಮರಾಠಿ ನನಗೆ ಬೀದಿಯ ಭಾಷೆ, ಶಾಲೆಯ ಭಾಷೆ. ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟೆ. ಆಡಳಿತಾಧಿಕಾರಿಯ ಮುಖ ಗಂಟಿಕ್ಕಿತ್ತು. ಹಿರಿಯ ವೈದ್ಯರು ಕನ್ನಡಕ ತೆಗೆದರು.

"ಒಂದು ಮಾತು ಬದಲಾತಲ್ರಿ ಬಾಯಾರ," ಎಂದರು. "ಕನ್ನಡದಾಗ ಮುಚ್ಚಿಟ್ಟೆ ಅಂತ ಬರದೀರಿ. ಮರಾಠಿಯೊಳಗ ಏನಂದ್ರಿ?"

ನಾನು ಅಂದದ್ದು, ಸಾಂಗಾಯಚಂ ರಾಹಿಲಂ, ಅಂದರೆ ಹೇಳುವುದು ಉಳಿದುಹೋಯಿತು. ಅಂಗಡಿಯಿಂದ ಉಪ್ಪು ತರುವುದು ಉಳಿದುಹೋದರೆ ಆಡುವ ಮಾತು. ಅದು ನನ್ನ ಬಾಯಿಂದ ಯಾವಾಗ ಹೊರಬಿತ್ತೆಂದು ನನಗೆ ತಿಳಿದೇ ಇರಲಿಲ್ಲ. ನಾಲಗೆ ತಾನಾಗಿ ಮೆತ್ತನೆಯ ದಾರಿ ಹಿಡಿದಿತ್ತು. ಎದ್ದು ಬಂದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆಡಳಿತಾಧಿಕಾರಿಯ ಕಡೆ ತಿರುಗಿ, ಕ್ಷಮಿಸಿ, ಆ ವಾಕ್ಯ ಮತ್ತೆ ಹೇಳುತ್ತೇನೆ ಎಂದು, ಲಪವಲಂ ಎಂದೆ, ಅಂದರೆ ಮುಚ್ಚಿಟ್ಟೆ.

ಆಮೇಲೆ ಪ್ರಶ್ನೆಗಳು ಬಂದವು. ಆಡಳಿತಾಧಿಕಾರಿ ನೇರವಾಗಿ, ನಿಮ್ಮಿಂದ ಇನ್ನೊಮ್ಮೆ ಹೀಗಾದರೆ ದೂರು ನಮ್ಮ ಮೇಲೆ ಬರುತ್ತದೆ, ನಿಮ್ಮನ್ನು ಏಕೆ ತೆಗೆದುಕೊಳ್ಳಬೇಕು ಎಂದರು. ಈಗ ತಾನೇ ಇಲ್ಲಿಯೇ ಆಯಿತು, ನನಗೇ ಗೊತ್ತಾಗಲಿಲ್ಲ, ಆದ್ದರಿಂದ ಆಗುವುದಿಲ್ಲ ಎಂದು ಮಾತು ಕೊಡಲಾರೆ ಎಂದೆ. ತಪ್ಪಿದಾಗ ಹಿಡಿಯುವವರು ಜೊತೆಯಲ್ಲಿದ್ದರೆ ಕಲಿಯಬಲ್ಲೆ ಎಂದೆ. ನರ್ಸುಗಳ ಮುಖ್ಯಸ್ಥೆ, ರೋಗಿಯ ಹೆಂಡತಿಯೇ ನಿಮ್ಮ ಕೈ ಹಿಡಿದು, ಇವರಿಗೆ ಹೇಳಬೇಡಿ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಆ ಮಾತನ್ನೂ ವೈದ್ಯರಿಗೆ ದಾಟಿಸುತ್ತೇನೆ, ಏನು ಮಾಡಬೇಕೆಂದು ಅವರೂ ರೋಗಿಯೂ ತೀರ್ಮಾನಿಸಲಿ, ನಾನಲ್ಲ ಎಂದೆ. ಅವರು ಏನನ್ನೋ ಬರೆದುಕೊಂಡರು. ಹಿರಿಯ ವೈದ್ಯರು ಮಾತ್ರ, ದಾರಿಯಲ್ಲಿ ಹೋಗುವವರನ್ನು ಕರೆದು ಇಂಥ ಮಾತು ಹೇಳಿಸಿದ್ದು ಆಸ್ಪತ್ರೆಯ ತಪ್ಪು ಎಂದು ಉಳಿದಿಬ್ಬರಿಗೂ ಮರಾಠಿಯಲ್ಲಿ ಹೇಳಿದರು.

ಕೆಳಗೆ ಬಂದು ಬಸ್ಸಿಗೆ ಕಾಯುವಾಗ ಕೆಲಸ ಸಿಗುವುದಿಲ್ಲವೆಂದು ನನಗೆ ಖಚಿತವಿತ್ತು. ಬೇಸರವಾಗಿತ್ತು, ಆದರೆ ಹೆಚ್ಚಲ್ಲ. ನಮ್ಮ ಕಡೆ ಹೋಗುವ ಕಾತ್ರಜದ ಬಸ್ಸು ತುಂಬಿ ಬಂತು, ನಿಂತೇ ಬಂದೆ.

ಪೋರ್ಟಲ್ಲಿನಲ್ಲಿ ಅರ್ಜಿಯ ಸ್ಥಿತಿ ಹತ್ತೊಂಬತ್ತು ದಿನ ಪರಿಶೀಲನೆಯಲ್ಲಿದೆ ಎಂದೇ ಇತ್ತು. ಇಪ್ಪತ್ತನೆಯ ದಿನ ಬದಲಾಯಿತು. ಆರು ತಿಂಗಳ ಗುತ್ತಿಗೆ, ಮೊದಲ ತಿಂಗಳು ಹಿರಿಯ ವೈದ್ಯರ ಜೊತೆ ತರಬೇತಿ. ಆಡಳಿತಾಧಿಕಾರಿ ಒಪ್ಪಿರಲಿಲ್ಲವೆಂದೂ ಸಮಾಜಕಾರ್ಯದ ಪದವಿ ಇದ್ದ ಒಬ್ಬರನ್ನು ತೆಗೆದುಕೊಳ್ಳಬೇಕೆಂದಿದ್ದರೆಂದೂ ನರ್ಸುಗಳ ಮುಖ್ಯಸ್ಥೆ ನನ್ನ ಪರ ನಿಂತರೆಂದೂ ಆಮೇಲೆ ತಿಳಿಯಿತು. ಏಕೆ ನಿಂತರೆಂದು ಅವರನ್ನು ಕೇಳುವ ಸಲುಗೆ ಇವತ್ತಿಗೂ ಬಂದಿಲ್ಲ. ನಾದಿನಿಗೆ ಹೇಳಿದಾಗ, ನಮ್ಮ ಕಂಪನಿಯೊಳಗ ಇದು ನಡೀತಿರಲಿಲ್ಲ ಬಿಡ್ರಿ ಎಂದು ನಕ್ಕಳು.

ತರಬೇತಿ ಎಂದರೆ ದೊಡ್ಡ ಪಾಠವಲ್ಲ. ರೋಗಿಗೂ ವೈದ್ಯರಿಗೂ ನಡುವೆ ಕೂರಬಾರದು, ರೋಗಿಯ ಪಕ್ಕಕ್ಕೆ, ಸ್ವಲ್ಪ ಹಿಂದೆ ಕೂರಬೇಕು. ವೈದ್ಯರು ನಾನು ಎಂದರೆ ನಾನೂ ನಾನು ಎನ್ನಬೇಕು. ಅವರು ಹಾಗಂತಾರೆ, ಹೀಗಂತಾರೆ ಎನ್ನಬಾರದು. ಎರಡು ವಾಕ್ಯಕ್ಕಿಂತ ಹೆಚ್ಚು ಒಟ್ಟಿಗೆ ಹೇಳಲು ವೈದ್ಯರನ್ನು ಬಿಡಬಾರದು, ಕೈ ಎತ್ತಿ ನಿಲ್ಲಿಸಬೇಕು. ಅರ್ಥವಾಗದ ಪದವನ್ನು ಅರ್ಥವಾದವರಂತೆ ಹೇಳಬಾರದು. ದಿನದ ಹೆಚ್ಚಿನ ಹೊತ್ತು ಎಕ್ಸ್-ರೇ ಎಲ್ಲಿ, ರಕ್ತ ಎಲ್ಲಿ ಕೊಡಬೇಕು, ಉಪವಾಸ ಇರಬೇಕೋ ಬೇಡವೋ ಎಂಬುದರಲ್ಲಿಯೇ ಕಳೆಯುತ್ತದೆ. ನಾನು ಅದನ್ನು ಊಹಿಸಿರಲಿಲ್ಲ.

ಐದನೆಯ ವಾರ, ಮೊದಲ ಸಲ ಒಬ್ಬಳೇ ಹೋದದ್ದು ಅಫಜಲಪುರ ಕಡೆಯ ಒಬ್ಬರ ಜೊತೆಗೆ. ಅರವತ್ತು ದಾಟಿದವರು, ಮಗಳು ಜೊತೆಗಿದ್ದಳು. ಮೂತ್ರಪಿಂಡಗಳೆರಡೂ ಕೆಟ್ಟಿವೆ, ಔಷಧದಿಂದ ಸರಿಹೋಗುವುದಿಲ್ಲ, ಇನ್ನು ವಾರಕ್ಕೆ ಮೂರು ಸಲ ಯಂತ್ರಕ್ಕೆ ಕೂತು ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು, ಬಿಟ್ಟರೆ ಜೀವಕ್ಕೆ ಅಪಾಯ ಎಂದು ವೈದ್ಯೆ ಹೇಳಿದರು. ನಾನು ಎರಡೆರಡು ವಾಕ್ಯಕ್ಕೆ ನಿಲ್ಲಿಸಿ, ಒಂದನ್ನೂ ಬಿಡದೆ ಹೇಳಿದೆ. ಸರಿಹೋಗುವುದಿಲ್ಲ ಎಂಬಲ್ಲಿ ನನ್ನ ದನಿ ಸಣ್ಣದಾಯಿತು. ಕೇಳಿಸಲಿಲ್ಲ ಎಂದು ರೋಗಿ ಕಿವಿ ಹತ್ತಿರ ತಂದರು. "ಇನ್ನೊಮ್ಮೆ ಹೇಳ್ರಿ," ಎಂದರು. ಇನ್ನೊಮ್ಮೆ ಹೇಳಿದೆ. ಮಗಳು ತಲೆ ಬಗ್ಗಿಸಿಕೊಂಡು ಕೂತಿದ್ದಳು. ಅವಳ ತಂದೆ, ಇಷ್ಟು ದೂರ ವಾರಕ್ಕೆ ಮೂರು ಸಲ ಬರಲಿಕ್ಕೆ ಆಗುವುದಿಲ್ಲ, ಕಲಬುರಗಿಯಲ್ಲಿ ಆ ಯಂತ್ರ ಇದೆಯೇ ಕೇಳಿ ಎಂದರು. ನಾನು ವೈದ್ಯೆಯನ್ನು ಕೇಳಿದೆ. ಇದೆ ಎಂದರು ಅವರು, ಅಲ್ಲಿಗೆ ಬರೆದುಕೊಡುತ್ತೇನೆಂದು ಕಾಗದ ಎಳೆದುಕೊಂಡರು.